ಫೋಟೋಗೊಂದು ಕತ್ತರಿ

ಲಿಫ್ಟ್ ರಿಪೇರಿ ಮಾಡುವ ಆ ಕಂಪನಿಯಲ್ಲಿ ಆಕೆಯ ಹೆಸರು ಸಂಬಳದ ಪಟ್ಟಿಯನ್ನು ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಯಜಮಾನರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಆಕೆ ಕತ್ತರಿಯಮ್ಮ.

ಆ ಹೆಸರು ಬಂದದ್ದು ಒಂದು ಅಭ್ಯಾಸದಿಂದ. ಮೆಕ್ಯಾನಿಕ್‌ಗಳು ಊರೆಲ್ಲ ಹರಡಿಕೊಂಡಿರುವ ಕಟ್ಟಡಗಳಿಗೆ ಹೋಗುತ್ತಾರೆ. ಕೆಟ್ಟ ಸಾಮಾನಿಗೆ ಬದಲು ಹೊಸದನ್ನು ಹತ್ತಿರದ ಅಂಗಡಿಯಲ್ಲಿ ಕೈಯಿಂದ ದುಡ್ಡು ಕೊಟ್ಟು ತರುತ್ತಾರೆ. ಬಿಲ್ಲು ತಂದು ಲೆಕ್ಕದ ಕೋಣೆಯಲ್ಲಿ ಕೊಟ್ಟರೆ ವಾರದ ಕೊನೆಗೆ ಅವರ ದುಡ್ಡು ಅವರ ಕೈಸೇರುತ್ತದೆ. ಆಕೆ ಬಿಲ್ಲನ್ನು ಓದಿ, ಪಾಸು ಮಾಡಿ, ಅದರ ಬಲಗಡೆಯ ಮೇಲಿನ ಮೂಲೆಯನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿಬಿಡುತ್ತಿದ್ದರು. ಮೂಲೆ ಹೋದ ಬಿಲ್ಲು ಮತ್ತೆ ಅವರ ಮೇಜಿಗೆ ಬರುವಂತಿಲ್ಲ. ಒಮ್ಮೆ ಯಾವನೋ ಒಬ್ಬ ಕತ್ತರಿಸಿದ ಬಿಲ್ಲನ್ನೇ ತಂದು, ಇಲಿ ಕಡಿದಿದೆ ಅಮ್ಮ ಎಂದಿದ್ದ. ಆಕೆ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, "ನಿಮ್ಮನೆ ಇಲಿಗೆ ಅಳತೆಪಟ್ಟಿ ಯಾರಪ್ಪ ಕೊಟ್ಟಿದ್ದು?" ಎಂದಿದ್ದರು. ಆ ಮಾತು ಕಂಪನಿಯಲ್ಲಿ ಇಂದಿಗೂ ಓಡಾಡುತ್ತದೆ.

ಹೀಗಿರುವಾಗ ಬಿಲ್ಲನ್ನು ಫೋನಿನಲ್ಲಿ ಫೋಟೋ ತೆಗೆದು ಕಳಿಸುವ ಏರ್ಪಾಡು ಬಂತು. ತಂದವನು ಬೇರೆ ಯಾರೂ ಅಲ್ಲ, ಆಕೆಯ ಮಗನೇ. ಕಂಪನಿಯ ಕಂಪ್ಯೂಟರ್ ಕೆಲಸವೆಲ್ಲ ಅವನದ್ದು. ಮೆಕ್ಯಾನಿಕ್‌ಗಳಿಗೆ ಇದರಿಂದ ತುಂಬ ಅನುಕೂಲವಾಯಿತು. ಒಂದು ಕಾಗದಕ್ಕಾಗಿ ಊರಿನ ಆ ತುದಿಯಿಂದ ಈ ತುದಿಗೆ ಬರುವುದು ತಪ್ಪಿತು. ಆದರೆ ತಾಯಿಗೆ ಸಮಾಧಾನವಿರಲಿಲ್ಲ. ಕಾಗದ ಅವರ ಜೇಬಿನಲ್ಲೇ ಉಳಿಯುತ್ತದೆ, ಇವತ್ತೊಂದು ಫೋಟೋ ನಾಳೆಯೊಂದು ಫೋಟೋ ಕಳಿಸಿದರೆ ಫೋಟೋದ ಮೂಲೆಯನ್ನು ಎಲ್ಲಿಂದ ಕತ್ತರಿಸಲಿ ಎಂದು ಕೇಳಿದ್ದರು. ಮಗ ನಕ್ಕು, ಅದಕ್ಕೂ ಒಂದು ಕತ್ತರಿ ಮಾಡಿಕೊಡ್ತೀನಮ್ಮ, ಸ್ವಲ್ಪ ತಡಿ ಎಂದಿದ್ದ.

ಆ ಕತ್ತರಿ ಮಾಡುವ ಮೊದಲೇ ದೇವರು ಅವನನ್ನು ಕರೆದುಕೊಂಡ. ಕಾಯಿಲೆ ಬಂದದ್ದು ತಿಳಿಯುವುದಕ್ಕೂ ಅವನು ಹೋಗುವುದಕ್ಕೂ ನಡುವೆ ಹೆಚ್ಚು ಕಾಲವಿರಲಿಲ್ಲ. ಕತ್ತರಿಯಮ್ಮ ದೇವರೊಡನೆ ಜಗಳವಾಡಲಿಲ್ಲ. ಬೆಳಿಗ್ಗೆ ಎದ್ದು ಕೈಮುಗಿಯುವುದನ್ನೂ ಬಿಡಲಿಲ್ಲ. ಆದರೆ ಕೈಮುಗಿದ ಮೇಲೆ ಕೇಳಿಕೊಳ್ಳಲು ಏನೂ ಇಲ್ಲದವರಂತೆ ಸುಮ್ಮನೆ ಎದ್ದುಬಿಡುತ್ತಿದ್ದರು.

ಮಗ ಕೂರುತ್ತಿದ್ದ ಕುರ್ಚಿಗೆ ಸೊಸೆ ಬಂದಳು. ಅವಳೂ ಅದೇ ವಿದ್ಯೆ ಕಲಿತವಳು. ಸದ್ಯಕ್ಕೆ ನೋಡಿಕೊಳ್ಳಲಿ ಎಂದು ಯಜಮಾನರು ಒಪ್ಪಿದ್ದರು. ಮ್ಯಾನೇಜರಿಗೆ ಮಾತ್ರ ಈ ಕೆಲಸವನ್ನು ಹೊರಗಿನ ದೊಡ್ಡ ಕಂಪನಿಯೊಂದಕ್ಕೆ ಕೊಡಬೇಕೆಂಬ ಆಸೆ. ಕೊನೆಗೆ ಯಜಮಾನರು ಒಂದು ಮಾತು ಹೇಳಿದರು. ಒಂದೇ ಬಿಲ್ಲು ಎರಡು ಫೋಟೋ ಆಗಿ ಬಂದರೆ ಹಿಡಿಯುವಂಥ ಏರ್ಪಾಡನ್ನು ಸೊಸೆ ಮಾಡಿ ತೋರಿಸಲಿ. ಅದು ಪರೀಕ್ಷೆಯಲ್ಲಿ ಗೆದ್ದರೆ ಕುರ್ಚಿ ಅವಳದ್ದು. ಇಲ್ಲದಿದ್ದರೆ ಮ್ಯಾನೇಜರ್ ಹೇಳಿದಂತೆ.

ಅವಳು ಮಾಡಿದಳು. ಅತ್ತೆಗೆ ಅರ್ಥವಾಗಲೆಂದು ಒಂದು ಭಾನುವಾರ ಅಡಿಗೆಮನೆಯ ಮೇಜಿನ ಮೇಲೆ ಒಂದೇ ಬಿಲ್ಲಿನ ಎರಡು ಫೋಟೋ ತೆಗೆದು ವಿವರಿಸಿದಳು. ಒಂದನ್ನು ಕಿಟಕಿಯ ಬೆಳಕಿನಲ್ಲಿ, ಇನ್ನೊಂದನ್ನು ದೀಪದ ಕೆಳಗೆ ಓರೆಯಾಗಿ ತೆಗೆದಿದ್ದಳು. ನಮ್ಮ ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಅಜಗಜಾಂತರ. ಒಂದೇ ಫೋಟೋವನ್ನು ಎರಡು ಸಲ ಕಳಿಸಿದರೆ ಹಿಡಿಯುವುದು ಸುಲಭ, ಹೊಸದಾಗಿ ತೆಗೆದರೆ ಅದರ ಒಂದೊಂದು ಚುಕ್ಕಿಯೂ ಬದಲಾಗಿರುತ್ತದೆ. ಆದ್ದರಿಂದ ಮೊದಲು ಬಿಲ್ಲಿನ ನಾಲ್ಕು ಮೂಲೆ ಹುಡುಕಿ, ಓರೆಯಾದದ್ದನ್ನು ಎಳೆದು ನೆಟ್ಟಗೆ ಮಾಡಬೇಕು. ಬೆಳಕಿನ ಬಣ್ಣ ಮೋಸ ಮಾಡದಂತೆ ಬಣ್ಣ ತೆಗೆದು ಬೂದು ಮಾಡಬೇಕು. ಆಮೇಲೆ ಅಂಗಡಿಯ ಹೆಸರು, ಬಿಲ್ಲಿನ ನಂಬರು, ತಾರೀಕು, ಮೊತ್ತ ಇವನ್ನು ಓದಿಸಬೇಕು. ಮಡಿಕೆಯ ಮೇಲಿನ ಮೂರನ್ನು ಯಂತ್ರ ಎಂಟು ಅಂತ ಓದುವುದುಂಟು, ಅದಕ್ಕಾಗಿ ಬರವಣಿಗೆಯನ್ನೂ ಒಂದರ ಮೇಲೊಂದು ಇಟ್ಟು ಹೋಲಿಸಬೇಕು.

"ಒಂದೇ ಅಂಗಡಿಯ ಬಿಲ್ಲೆಲ್ಲ ನೋಡೋಕೆ ಒಂದೇ ತರ ಇರ್ತಾವಲ್ಲೇ?" ಎಂದು ಅತ್ತೆ ಕೇಳಿದರು.

"ಅಚ್ಚಾಗಿರೋದನ್ನ ಬಿಟ್ಟುಬಿಡ್ತೀನಿ ಅತ್ತೆ. ಕೈಯಲ್ಲಿ ಬರೆದದ್ದು ಮಾತ್ರ ಲೆಕ್ಕಕ್ಕೆ. ಒಬ್ಬನೇ ಮನುಷ್ಯ ಎರಡು ಸಲ ಬರೆದರೂ ಕೂದಲೆಳೆಯಷ್ಟಾದ್ರೂ ವ್ಯತ್ಯಾಸ ಇದ್ದೇ ಇರುತ್ತೆ."

ಕತ್ತರಿಯಮ್ಮನಿಗೆ ಮಗನೇ ಎದುರು ಕೂತು ಹೇಳಿದಂತಾಯಿತು. ಸೊಸೆಯ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.

ಪರೀಕ್ಷೆಯ ದಿನ ಲೆಕ್ಕದ ಕೋಣೆಯ ಪಕ್ಕದಲ್ಲಿದ್ದ ಯಜಮಾನರ ಕೋಣೆಯಲ್ಲಿ ಪರದೆಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಹಿಂದಿನ ಕೆಲವು ತಿಂಗಳ ಬಿಲ್ಲಿನ ಫೋಟೋಗಳೆಲ್ಲ ಅದರ ಮೂಲಕ ಹಾದುಹೋದವು. ಸಣ್ಣಪುಟ್ಟ ಅನುಮಾನಗಳು ಕೆಳಗೆ ಸಾಲಾಗಿ ಬಂದವು. ಎಲ್ಲಕ್ಕಿಂತ ಮೇಲೆ, ಕೆಂಪು ಪಟ್ಟಿಯೊಳಗೆ, ಎರಡು ಬಿಲ್ಲು ಅಕ್ಕಪಕ್ಕ ನಿಂತವು. ಒಂದೇ ಅಂಗಡಿ, ಒಂದೇ ನಂಬರು, ಒಂದೇ ತಾರೀಕು, ಒಂದೇ ಮೊತ್ತ. ಬರವಣಿಗೆ ಒಂದರ ಮೇಲೊಂದು ಇಟ್ಟರೆ ಎಳ್ಳಷ್ಟೂ ಕದಲಲಿಲ್ಲ. ಪಟ್ಟಿಯ ತಲೆಯ ಮೇಲೆ ದಪ್ಪ ಕೆಂಪಕ್ಷರದಲ್ಲಿ 'ಮೋಸದ ಬಿಲ್' ಎಂದಿತ್ತು. ಒಂದನ್ನು ಒಂದು ಕಟ್ಟಡದ ಖರ್ಚಿಗೆ, ಇನ್ನೊಂದನ್ನು ಇನ್ನೊಂದು ಕಟ್ಟಡದ ಖರ್ಚಿಗೆ ಕಳಿಸಲಾಗಿತ್ತು. ಕಳಿಸಿದವರು ದೊಡ್ಡ ಮೇಸ್ತ್ರಿ.

ದೊಡ್ಡ ಮೇಸ್ತ್ರಿ ಎಂದರೆ ಕಂಪನಿಯ ಅತ್ಯಂತ ಹಳೆಯ ಮೆಕ್ಯಾನಿಕ್. ಅರ್ಧ ಊರಿನ ಲಿಫ್ಟುಗಳು ಅವರ ಕೈಯಲ್ಲಿ ಓಡುತ್ತವೆ. ಲಿಫ್ಟಿನೊಳಗೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವಾಗ ಕೂಡ ಧ್ವನಿ ಏರಿಸದ ಮನುಷ್ಯ.

ಮ್ಯಾನೇಜರ್ ಕೈತಟ್ಟಿದರು. ಈ ಏರ್ಪಾಡು ಬೇಡ ಎನ್ನುತ್ತಿದ್ದವರೇ ಈಗ, ಶಭಾಷ್ ಮಗು, ದೊಡ್ಡ ಮೀನೇ ಬಿತ್ತಲ್ಲ ಎಂದು ಹೊಗಳಿದರು. ಕತ್ತರಿಯಮ್ಮನ ಎದೆ ಒಮ್ಮೆ ಉಬ್ಬಿತು, ಮರುಗಳಿಗೆಯೇ ಕುಸಿಯಿತು. ಕತ್ತರಿ ಕೆಲಸ ಮಾಡಿತ್ತು, ಆದರೆ ಎಂಥ ಮನುಷ್ಯನ ಮೇಲೆ!

ಮೇಸ್ತ್ರಿಯನ್ನು ಅಲ್ಲಿಗೇ ಕರೆಸಿದರು. ಕೈಗೆ ಅಂಟಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಬಂದವರು ಪರದೆಯನ್ನು ನೋಡಿದರು, ಕೆಂಪಕ್ಷರವನ್ನು ಓದಿದರು. ಮ್ಯಾನೇಜರ್ ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟದ್ದು ಯಜಮಾನರಿಗೆ.

"ಎರಡು ಕಟ್ಟಡ, ಎರಡು ಕಾಂಟ್ಯಾಕ್ಟರ್, ಎರಡು ಬಿಲ್ಲು. ಇದಕ್ಕಿಂತ ಹೆಚ್ಚು ನಾನು ಹೇಳೋದಿಲ್ಲ."

ಕಾಂಟ್ಯಾಕ್ಟರ್ ಎಂದರೆ ಲಿಫ್ಟಿನ ಮೋಟರಿಗೆ ವಿದ್ಯುತ್ತು ಬಿಡುವ, ನಿಲ್ಲಿಸುವ ದಪ್ಪ ಸ್ವಿಚ್ಚು. ಅದು ಎರಡಿದ್ದರೆ ಬಿಲ್ಲಿನ ನಂಬರು ಒಂದೇ ಹೇಗೆ ಎಂದು ಮ್ಯಾನೇಜರ್ ಮತ್ತೆ ಕೇಳಿದರು. ಮೇಸ್ತ್ರಿ ಹೆಗಲಿನ ಚೀಲವನ್ನು ಒಮ್ಮೆ ಸರಿಮಾಡಿಕೊಂಡು ಹೊರಟೇಹೋದರು. ಯಜಮಾನರು ಹಣೆ ಉಜ್ಜಿಕೊಂಡರು. ನಾಡಿದ್ದು ಮತ್ತೆ ಕೂರೋಣ, ಅಷ್ಟರಲ್ಲಿ ಎಲ್ಲ ಕಾಗದ ಸಿದ್ಧವಾಗಿರಲಿ, ತಪ್ಪು ಅವರದ್ದೇ ಅಂತಾದರೆ ಮನೆಗೆ ಕಳಿಸುವುದು ಬಿಟ್ಟು ಬೇರೆ ದಾರಿಯಿಲ್ಲ ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ನಿನ್ನ ಕುರ್ಚಿಯ ವಿಷಯವೂ ಅವತ್ತೇ ಮುಗಿಸೋಣ," ಎಂದರು.

ಇಷ್ಟು ಹೊತ್ತೂ ಸೊಸೆ ಪರದೆಯ ಮೇಲಿನ ಬಿಲ್ಲುಗಳಲ್ಲಿದ್ದ ಅಂಗಡಿಯ ಎರಡು ಮೊಹರುಗಳನ್ನೇ ನೋಡುತ್ತಿದ್ದಳು.

ಸಂಜೆ ಮನೆಗೆ ಬಂದವಳು ಚೀಲವನ್ನೂ ಕೆಳಗಿಡದೆ ಕಂಪ್ಯೂಟರ್ ತೆರೆದಳು. ಬೂದು ಮಾಡುವ ಮೊದಲಿನ, ಮೇಸ್ತ್ರಿಯ ಫೋನಿನಿಂದ ಬಂದಂತೆಯೇ ಇದ್ದ ಫೋಟೋಗಳನ್ನು ತೆಗೆದು ಅತ್ತೆಯನ್ನು ಕರೆದಳು.

"ಅತ್ತೆ, ಈ ಕಾಗದದ ಬಣ್ಣ ಏನು?"

"ಇದು ಬಿಳಿ. ಅದು..." ಕತ್ತರಿಯಮ್ಮ ಕನ್ನಡಕ ಏರಿಸಿದರು. "ಅದು ಹಳದಿ. ದೀಪದ ಬೆಳಕೇನೋ."

ದೀಪದ ಬೆಳಕಲ್ಲ ಎಂದಳು ಸೊಸೆ. ಫೋಟೋದ ಅಂಚಿನಲ್ಲಿ ಬಿಳಿಯ ಗೋಡೆ ಬಿಳಿಯಾಗಿಯೇ ಕಾಣುತ್ತಿತ್ತು, ಕಾಗದ ಮಾತ್ರ ಹಳದಿ. ಅದರ ಮೇಲಿನ ಬರಹ ನೀಲಿ, ಅಂಚುಗಳಲ್ಲಿ ಸ್ವಲ್ಪ ಹರಡಿದಂತಿತ್ತು. ಬಿಲ್ ಪುಸ್ತಕದಲ್ಲಿ ಬಿಳಿ ಹಾಳೆಯ ಕೆಳಗೆ ಕಾರ್ಬನ್ ಇಟ್ಟು, ಅದರ ಕೆಳಗೆ ಹಳದಿ ಹಾಳೆ ಇಡುತ್ತಾರೆ. ಮೇಲೆ ಬರೆದದ್ದು ಕೆಳಗೂ ಒತ್ತುತ್ತದೆ. ಗಿರಾಕಿಗೆ ಬಿಳಿ, ಅಂಗಡಿಗೆ ಹಳದಿ. ಎರಡರ ಮೇಲೂ ನಂಬರು ಒಂದೇ. ಬರವಣಿಗೆ ಕದಲದೆ ಕೂತದ್ದು ಅದಕ್ಕೇ. ಆಮೇಲೆ ಅವಳು ಮೊಹರುಗಳನ್ನು ದೊಡ್ಡದು ಮಾಡಿದಳು. ಬಿಳಿಯ ಮೇಲೆ ಅಂಗಡಿಯ ಮೊಹರು ಎಡಕ್ಕೆ ವಾಲಿತ್ತು. ಹಳದಿಯ ಮೇಲೆ ನೆಟ್ಟಗೆ, ಇನ್ನೂ ಸ್ವಲ್ಪ ಕೆಳಗೆ ಬಿದ್ದಿತ್ತು.

"ಕೈಬರಹ ಕಾರ್ಬನ್ನಿನಲ್ಲಿ ಇಳಿಯುತ್ತೆ. ಮೊಹರು ಇಳಿಯಲ್ಲ. ಅಂದ್ರೆ ಅಂಗಡಿಯವನೇ ಎರಡು ಕಾಗದಕ್ಕೂ ಬೇರೆಬೇರೆ ಮೊಹರು ಒತ್ತಿ ಕೊಟ್ಟಿದ್ದಾನೆ. ಬಿಲ್ಲು ಒಂದೇ ಅತ್ತೆ. ಕಾಗದ ಎರಡು."

ಬಣ್ಣ ತೆಗೆದದ್ದರಿಂದ ತನ್ನ ಯಂತ್ರಕ್ಕೆ ಇದು ಕಾಣಲಿಲ್ಲ, ಮೊಹರನ್ನು ಬರವಣಿಗೆಯ ಜೊತೆಗೇ ಕಲಸಿ ತೂಗಿದ್ದರಿಂದ ಅದರ ವ್ಯತ್ಯಾಸ ಮುಳುಗಿಹೋಯಿತು ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡಳು. ಮೇಸ್ತ್ರಿ ನಿಜವಾಗಿಯೂ ಎರಡು ಸಾಮಾನು ಕೊಂಡಿರಬಹುದು. ಕೊಂಡಿರದೆಯೂ ಇರಬಹುದು. ನೋಡದೆ ಹೇಳುವಂತಿಲ್ಲ.

ಕತ್ತರಿಯಮ್ಮ ಕುರ್ಚಿ ಎಳೆದುಕೊಂಡು ಕೂತರು. ಮನಸ್ಸು ಎರಡು ಕಡೆಗೂ ಎಳೆಯಿತು. ನಾಡಿದ್ದು ಈ ಹುಡುಗಿ ತನ್ನ ಯಂತ್ರದಲ್ಲೇ ದೋಷವಿದೆ ಎಂದು ಬಾಯಿ ಬಿಟ್ಟರೆ ಮ್ಯಾನೇಜರ್ ಕಾದಿದ್ದವರಂತೆ ಹಿಡಿದುಕೊಳ್ಳುತ್ತಾರೆ. ಮಗನ ಕುರ್ಚಿ ಹೊರಗಿನವರ ಪಾಲಾಗುತ್ತದೆ. ಅವನು ಕೊಟ್ಟ ಮಾತೂ ಅದರ ಜೊತೆಗೇ ಹೋಗುತ್ತದೆ.

"ನಿನ್ನ ಯಂತ್ರ ಸುಳ್ಳೇನೂ ಹೇಳಿಲ್ಲವಲ್ಲ," ಎಂದರು ಮೆಲ್ಲಗೆ. "ಬಿಲ್ಲು ಒಂದೇ ಅಂತು. ಒಂದೇ. ಅಷ್ಟಕ್ಕೆ ನಿಲ್ಲಿಸಬಹುದು. ಉಳಿದದ್ದು ಮೇಸ್ತ್ರಿ ಹೇಳ್ಕೊಳ್ಳಲಿ."

ಸೊಸೆ ಅವರನ್ನು ನೋಡಿದಳು. ಕೋಪವಿರಲಿಲ್ಲ ಅವಳ ಮುಖದಲ್ಲಿ.

"ಇಷ್ಟು ವರ್ಷ ನೀವು ಕತ್ತರಿಸಿದ್ದು ಬಿಲ್ಲಿನ ಮೂಲೆ ಅತ್ತೆ. ಯಾರ ಮೂಗೂ ಅಲ್ಲ."

ಕತ್ತರಿಯಮ್ಮ ತಲೆ ತಗ್ಗಿಸಿದರು. ಮತ್ತೆ ಎತ್ತಿದಾಗ ಅವರ ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ನಗುವಿತ್ತು. ಬೆಳಿಗ್ಗೆ ನಾನೂ ಬರುತ್ತೇನೆ, ಮೇಸ್ತ್ರಿ ನಿನ್ನ ಮಾತಿಗೆ ಬಗ್ಗದಿದ್ದರೆ ನನ್ನ ಮಾತಿಗಾದರೂ ಬಗ್ಗುತ್ತಾನೆ ಎಂದರು. ಅವತ್ತು ಮಲಗುವ ಮೊದಲು ಕೈಮುಗಿದಾಗ, ಬಹಳ ದಿನದ ಮೇಲೆ, ಕೇಳಿಕೊಳ್ಳಲು ಒಂದು ಮಾತಿತ್ತು.

ಮೇಸ್ತ್ರಿ ಸಿಕ್ಕಿದ್ದು ಕಂಪನಿಯ ಅಂಗಳದಲ್ಲಿ, ಉಕ್ಕಿನ ಹಗ್ಗದ ಸುರುಳಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ. ಸೊಸೆ ಎದುರು ನಿಂತು, ಎರಡು ಕಾಂಟ್ಯಾಕ್ಟರನ್ನೂ ಕಣ್ಣಾರೆ ನೋಡಬೇಕು, ತೋರಿಸುತ್ತೀರಾ ಎಂದು ಕೇಳಿದಳು. ಅವರು ಲೋಟದಿಂದ ಮುಖ ಎತ್ತಲಿಲ್ಲ.

"ನಿನ್ನ ಡಬ್ಬಿ ಹೇಳಿದ ಮೇಲೆ ನೋಡೋದೇನು ಉಳೀತು?"

"ಡಬ್ಬಿಗೆ ಕಣ್ಣು ಸಾಲದೆ ಹೋಯ್ತು ಮೇಸ್ತ್ರಿಗಳೇ. ಅದಕ್ಕೆ ನನ್ನ ಕಣ್ಣು ತಂದಿದ್ದೀನಿ."

ಮೇಸ್ತ್ರಿ ಕತ್ತರಿಯಮ್ಮನ ಕಡೆ ನೋಡಿ, "ಇವಳಿಗೆ ಈ ಬಾಯಿ ಯಾರದ್ದು ಅಕ್ಕ, ನಿಮ್ಮದಾ?" ಎಂದರು. ನನ್ನದಲ್ಲಪ್ಪ, ಅವಳು ಬರುವಾಗ ತವರಿನಿಂದಲೇ ತಂದದ್ದು ಎಂದು ಆಕೆ ಅಂದಾಗ ಅವರ ಮೀಸೆಯ ಕೆಳಗೆ ಏನೋ ಅಲುಗಿತು. ಎದ್ದು ಚೀಲ ಹೆಗಲಿಗೇರಿಸಿದರು.

ಮೊದಲನೆಯ ಕಟ್ಟಡದಲ್ಲಿ ಲಿಫ್ಟು ಮೇಲಿನ ಮಹಡಿಯವರೆಗೆ ಮಾತ್ರ. ಯಂತ್ರವಿರುವ ಕೋಣೆಗೆ ಅಲ್ಲಿಂದ ಕಬ್ಬಿಣದ ಕಡಿದಾದ ಮೆಟ್ಟಿಲು. ಕತ್ತರಿಯಮ್ಮ ಸೆರಗು ಸಿಕ್ಕಿಸಿಕೊಂಡು, ದೇವರ ಹೆಸರು ಹೇಳುತ್ತ ಹತ್ತಿದರು. ಇಷ್ಟು ವರ್ಷ ಬಿಲ್ಲು ಪಾಸು ಮಾಡಿದರೂ ಆ ಬಿಲ್ಲುಗಳ ಸಾಮಾನು ಎಲ್ಲಿ ಕೂರುತ್ತದೆಂದು ಅವರು ನೋಡಿದ್ದು ಅದೇ ಮೊದಲು. ಒಳಗೆ ಕಾದ ಎಣ್ಣೆಯ ವಾಸನೆ. ದೊಡ್ಡ ಚಕ್ರವೊಂದರ ಮೇಲೆ ಹಗ್ಗಗಳು ಜಾರುತ್ತ, ಕಾಣದ ಜನರನ್ನು ಮೇಲಕ್ಕೂ ಕೆಳಕ್ಕೂ ಒಯ್ಯುತ್ತಿದ್ದವು. ಲಿಫ್ಟು ಖಾಲಿಯಾಗಿ ಚಕ್ರ ನಿಲ್ಲುವವರೆಗೆ ಕಾದು ಮೇಸ್ತ್ರಿ ಮುಖ್ಯ ಸ್ವಿಚ್ಚನ್ನು ಆರಿಸಿದರು. ಹೆಂಗಸರನ್ನು ಹಿಂದೆ ನಿಲ್ಲಿಸಿ ಪೆಟ್ಟಿಗೆಯ ಬಾಗಿಲು ತೆರೆದು ಟಾರ್ಚು ಬಿಟ್ಟರು. ಧೂಳು ಹಿಡಿದ ಹಳೆಯ ಸ್ವಿಚ್ಚುಗಳ ಸಾಲಿನಲ್ಲಿ ಒಂದು ಮಾತ್ರ ಹೊಸದಾಗಿ ಹೊಳೆಯಿತು. ಅದರ ಪಕ್ಕದಲ್ಲಿ ಮಾರ್ಕರಿನಿಂದ ಬರೆದ ತಾರೀಕಿತ್ತು. ಬದಲಾಯಿಸಿದ ಪ್ರತಿ ಸಾಮಾನಿನ ಪಕ್ಕದಲ್ಲೂ ತಾರೀಕು ಬರೆಯುವುದು ದೊಡ್ಡ ಮೇಸ್ತ್ರಿಯ ಪದ್ಧತಿ.

ಎರಡನೆಯ ಕಟ್ಟಡದಲ್ಲೂ ಅಂಥದ್ದೇ ಕೋಣೆ. ಅಲ್ಲೂ ಹೊಸ ಸ್ವಿಚ್ಚು, ಅದೇ ಮಾರ್ಕರ್, ಅದೇ ತಾರೀಕು. ಸೊಸೆ ಎರಡನ್ನೂ ಹತ್ತಿರದಿಂದ ಫೋಟೋ ತೆಗೆದಳು. ಸಾಮಾನಿನ ಮೇಲೆ ಕಾರ್ಖಾನೆಯವರೇ ಒತ್ತಿದ ಸಂಖ್ಯೆಗಳು ಬೇರೆಬೇರೆ ಇದ್ದವು. ಒಂದನ್ನೇ ಎರಡು ಕಡೆ ತೋರಿಸಿದ್ದಲ್ಲ ಎನ್ನುವುದಕ್ಕೆ ಇನ್ನೇನೂ ಬೇಕಿರಲಿಲ್ಲ.

ಬಾಗಿಲು ಮುಚ್ಚಿ, ಸ್ವಿಚ್ಚು ಹಾಕಿ, ಲಿಫ್ಟು ಓಡುವುದನ್ನು ನೋಡಿದ ಮೇಲೆ ಮೇಸ್ತ್ರಿ ಚೀಲದ ಒಳಜೇಬಿಗೆ ಕೈಹಾಕಿ ಮಡಿಸಿದ ಎರಡು ಕಾಗದ ತೆಗೆದರು. ಒಂದು ಬಿಳಿ, ಒಂದು ಹಳದಿ.

"ನಿನ್ನೆಯೂ ಚೀಲದಲ್ಲೇ ಇತ್ತು," ಎಂದರು. "ಯಾರೂ ಕೇಳಲಿಲ್ಲ."

"ನೀವಾದ್ರೂ ತೋರಿಸಬಹುದಿತ್ತಲ್ಲ ಮೇಸ್ತ್ರಿಗಳೇ?"

"ಅಷ್ಟು ದೊಡ್ಡ ಅಕ್ಷರದಲ್ಲಿ ಕಳ್ಳ ಅಂತ ಬರೆದ ಮೇಲೆ ಏನಮ್ಮ ತೋರಿಸೋದು?"

ಸೊಸೆಯ ಮುಖ ಸಣ್ಣದಾಯಿತು. ಆ ಕೆಂಪು ಮಾತನ್ನು ಬರೆದದ್ದು ಅವಳೇ. ಅದಕ್ಕೆ ಅವಳು ಸಬೂಬು ಹೇಳಲಿಲ್ಲ. ತಪ್ಪಾಯಿತು, ಅದನ್ನು ತೆಗೆಯುತ್ತೇನೆ ಎಂದಷ್ಟೇ ಹೇಳಿದಳು. ಮೇಸ್ತ್ರಿ ತಲೆಯಾಡಿಸಿ ಕತ್ತರಿಯಮ್ಮನಿಗೆ ಮೆಟ್ಟಿಲಿಳಿಯಲು ಕೈಯ ಆಸರೆ ಕೊಟ್ಟರು.

ಅಲ್ಲಿಂದ ಮೂವರೂ ಅಂಗಡಿಗೆ ಹೋದರು. ಅಂಗಡಿಯವನು ಮೇಸ್ತ್ರಿಯ ಹಳೆಯ ಗೆಳೆಯ, ಕೈ ಚುರುಕಾದರೂ ಬರೆಯಲು ಸೋಮಾರಿ. ಕಟ್ಟಡಕ್ಕೊಂದು ಬಿಲ್ಲು ಬೇಕೆಂದು ಮೇಸ್ತ್ರಿ ಕೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಒಂದೇ ಸಾಮಾನು, ಒಂದೇ ಬೆಲೆ, ಎರಡು ಸಲ ಯಾಕೆ ಬರೆಯಬೇಕು ಎಂದು ಒಂದು ಸಲ ಬರೆದು, ಬಿಳಿಯನ್ನೂ ಹಳದಿಯನ್ನೂ ಹರಿದು, ಎರಡಕ್ಕೂ ಮೊಹರು ಹಾಕಿ, ತಗೋ ಆ ಕಟ್ಟಡಕ್ಕೊಂದು ಈ ಕಟ್ಟಡಕ್ಕೊಂದು ಎಂದು ಕೊಟ್ಟಿದ್ದನಂತೆ. ಮೇಸ್ತ್ರಿ ಮೊತ್ತ ನೋಡಿದರೇ ಹೊರತು ನಂಬರು ನೋಡಲಿಲ್ಲ. ನಿನ್ನ ಪುಸ್ತಕದಲ್ಲಿ ಉಳಿಯಬೇಕಾದ ಹಳದಿಯನ್ನೇ ಕೊಟ್ಟುಬಿಟ್ಟೆಯಲ್ಲ, ನಿನ್ನ ಲೆಕ್ಕದ ಗತಿಯೇನು ಎಂದು ಕತ್ತರಿಯಮ್ಮ ಗದರಿಸಿದಾಗ ಆತ ತಲೆ ಕೆರೆದುಕೊಂಡ. ಎರಡನೆಯ ಕಾಂಟ್ಯಾಕ್ಟರಿಗೆ ಬೇರೆ ಬಿಲ್ಲು ಬರೆದು ನಾಳೆಯೊಳಗೆ ಕಳಿಸುವುದಾಗಿ ಒಪ್ಪಿಕೊಂಡು ಹಳದಿ ಹಾಳೆಯನ್ನು ವಾಪಸು ಕೇಳಿದ. ನಾಳೆ ಯಜಮಾನರಿಗೆ ತೋರಿಸಿದ ಮೇಲೆ ಕೊಡುತ್ತೇನೆ ಎಂದಳು ಸೊಸೆ.

ಮಧ್ಯಾಹ್ನವೆಲ್ಲ ಅವಳು ಕುರ್ಚಿ ಬಿಟ್ಟೇಳಲಿಲ್ಲ. ಕಾಗದದ ಬಣ್ಣವನ್ನು ಬೇರೆಯಾಗಿ ನೋಡುವಂತೆ ಮಾಡಿದಳು. ಮೊಹರು, ಮಡಿಕೆ, ಕಲೆ ಇವೆಲ್ಲ ಎಲ್ಲಿವೆ, ಎಷ್ಟು ವಾಲಿವೆ ಎಂಬುದನ್ನು ಬರವಣಿಗೆಯಿಂದ ಬಿಡಿಸಿ ತೂಗಿಸಿದಳು. ಕೆಂಪು ಮಾತನ್ನು ಅಳಿಸಿ, 'ಒಂದೇ ಬಿಲ್ ಇರಬಹುದು, ಕೇಳಿ ನೋಡಿ' ಎಂದು ಬರೆದಳು. ಹಳೆಯ ಫೋಟೋಗಳನ್ನೆಲ್ಲ ಮತ್ತೊಮ್ಮೆ ಹಾಯಿಸಿದಳು. ಮೇಸ್ತ್ರಿಯ ಜೋಡಿ ಈಗಲೂ ಬಂತು. ನಂಬರು ಒಂದೇ ಆದ್ದರಿಂದ ಅದು ಬರಲೇಬೇಕಿತ್ತು. ಆದರೆ ಪಕ್ಕದಲ್ಲಿ 'ಕಾಗದ ಬೇರೆ, ಮೊಹರು ಬೇರೆ' ಎಂದಿತ್ತು. ಅದರ ಮೇಲೆ ಇನ್ನೊಂದು ಹೊಸ ಜೋಡಿ ಕೂತಿತ್ತು.

ಸೊಸೆ ಅದನ್ನು ನೋಡಿ ಕಣ್ಣರಳಿಸಿ ಅತ್ತೆಗೆ ಸನ್ನೆ ಮಾಡಿದಳು. ಅದು ಹೋಟೆಲಿನ ಊಟದ ಬಿಲ್ಲು. ಒಂದು ಫೋಟೋದಲ್ಲಿ ಊಟದ ಮೇಜಿನ ಮೇಲೆ, ಇನ್ನೊಂದರಲ್ಲಿ ಕಾರಿನ ಸೀಟಿನ ಮೇಲೆ. ಮಡಿಕೆಯ ನೆರಳು ಬಿದ್ದು ಒಂದರಲ್ಲಿ ನಂಬರಿನ ಕೊನೆಯ ಅಂಕಿಯನ್ನು ಯಂತ್ರ ತಪ್ಪಾಗಿ ಓದಿತ್ತು. ಹಿಂದಿನ ಸಲ ಅದು ಕೆಳಗೆಲ್ಲೋ ಉಳಿದದ್ದು ಅದಕ್ಕೇ. ಈಗ ಮೊಹರು ಎರಡರಲ್ಲೂ ಒಂದೇ ಕಡೆಗೆ ಅಷ್ಟೇ ವಾಲಿತ್ತು, ಕಾಫಿಯ ಕಲೆ ಅದೇ ಮೂಲೆಯಲ್ಲಿ ಅದೇ ಆಕಾರದಲ್ಲಿತ್ತು, ಮಡಿಕೆಯ ಗೆರೆ ಅದೇ ಅಕ್ಷರದ ಮೇಲೆ ಹಾದಿತ್ತು. ಕಾಗದವೂ ಒಂದೇ, ಬಿಲ್ಲೂ ಒಂದೇ. ಎರಡು ಸಲ ಕಳಿಸಿದ್ದವರು ಮ್ಯಾನೇಜರ್.

ಕತ್ತರಿಯಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ನಾಳೆ ಎಲ್ಲರೆದುರು ಪರದೆಯ ಮೇಲೆ ಇದನ್ನೇ ಮೊದಲು ತೋರಿಸು, ಕೈತಟ್ಟಿದ ಕೈಗೇ ಗೊತ್ತಾಗಲಿ ಎಂದರು. ಸೊಸೆ ನಕ್ಕಳು. ಆಮೇಲೆ ಎದ್ದು, ಕುಂಕುಮವನ್ನೂ ಬಳೆಯನ್ನೂ ಬಿಟ್ಟರೂ ಬಿಡದ ಅದೇ ನೆಟ್ಟಗಿನ ನಡಿಗೆಯಲ್ಲಿ ಮ್ಯಾನೇಜರ ಕೋಣೆಗೆ ಹೋಗಿ ಬಾಗಿಲು ತಟ್ಟಿದಳು.

ಗಾಜಿನ ಗೋಡೆಯಾಚೆ ಮಾತು ಕೇಳಿಸುತ್ತಿರಲಿಲ್ಲ. ಕತ್ತರಿಯಮ್ಮನಿಗೆ ಕಂಡದ್ದಿಷ್ಟು. ಮ್ಯಾನೇಜರ್ ಮೊದಲು ಕೈ ಬೀಸಿದರು. ಆಮೇಲೆ ಪರದೆಯತ್ತ ಬಾಗಿ ನೋಡಿದರು. ಮುಖ ಕೆಂಪೇರಿತು. ಸೊಸೆ ಕೈಕಟ್ಟಿ ನಿಂತು ಏನೋ ಕೇಳಿದಳು. ಅವರು ಫೋನು ತೆಗೆದು ಹಿಂದಕ್ಕೆ ಹಿಂದಕ್ಕೆ ಸರಿಸಿ ಹುಡುಕಿದರು, ಹುಡುಕಿ ಹಣೆಗೆ ಕೈ ಹಚ್ಚಿದರು. ಕೊನೆಗೆ ಕುರ್ಚಿಗೊರಗಿ ನಕ್ಕುಬಿಟ್ಟರು. ಅಳು ಬರುವ ಮುಂಚೆ ಬಂದಂಥ ನಗು.

ಹೊರಗೆ ಬಂದ ಸೊಸೆ ಅತ್ತೆಯ ಕಿವಿಯಲ್ಲಿ ಹೇಳಿದಳು. ಹೋಟೆಲಿನಲ್ಲಿ ಕಳಿಸುವಾಗ ಸಿಗ್ನಲ್ ಇರಲಿಲ್ಲವಂತೆ, ಹೋಯಿತೋ ಇಲ್ಲವೋ ಎಂದು ಕಾರಿನಲ್ಲಿ ಇನ್ನೊಮ್ಮೆ ತೆಗೆದು ಕಳಿಸಿದರಂತೆ, ಎರಡೂ ಹೋಗಿದೆ. ಅದನ್ನು ಅವರೇ ಹೇಳುತ್ತಾರೆ, ನಾನು ಹೇಳುವುದಿಲ್ಲ ಎಂದಳು.

ಮರುದಿನ ಯಜಮಾನರ ಕೋಣೆಯಲ್ಲಿ ಸೊಸೆ ಪರದೆಯ ಪಕ್ಕ ನಿಂತಳು. ಮೇಸ್ತ್ರಿ ಬಾಗಿಲ ಹತ್ತಿರ, ಚೀಲ ಹೆಗಲ ಮೇಲೆಯೇ. ಅವಳು ಮೊದಲು ಆಡಿದ್ದು ತನ್ನ ಯಂತ್ರಕ್ಕೆ ವಿರುದ್ಧವಾದ ಮಾತು. ಬಣ್ಣ ತೆಗೆದದ್ದು ನನ್ನ ತಪ್ಪು, ಮೊಹರನ್ನು ಬೇರೆಯಾಗಿ ನೋಡದೇ ಇದ್ದದ್ದು ನನ್ನ ತಪ್ಪು, ಕೆಂಪಕ್ಷರ ಎಲ್ಲಕ್ಕಿಂತ ದೊಡ್ಡ ತಪ್ಪು ಎಂದಳು. ಬಿಳಿ ಹಾಳೆ, ಹಳದಿ ಹಾಳೆ, ಎರಡು ಕಾಂಟ್ಯಾಕ್ಟರಿನ ಫೋಟೋ, ಅಂಗಡಿಯಿಂದ ಬಂದ ಹೊಸ ಬಿಲ್ಲು ಎಲ್ಲವನ್ನೂ ಮೇಜಿನ ಮೇಲಿಟ್ಟಳು.

"ಒಂದೇ ಬಿಲ್ಲು ಎರಡು ಸಲ ಬಂದಿದೆ ಅಂತ ಇದು ಹೇಳಬಲ್ಲದು. ಯಾಕೆ ಬಂತು ಅಂತ ಹೇಳಲಾರದು. ಅದನ್ನ ನಾವು ಹೋಗಿ ಕೇಳಬೇಕು."

ಕತ್ತರಿಯಮ್ಮ ಮ್ಯಾನೇಜರನ್ನೇ ನೋಡುತ್ತಿದ್ದರು. ಆತ ಗಂಟಲು ಸರಿಮಾಡಿಕೊಂಡರು.

"ಹಾಗಾದ್ರೆ ನನ್ನದೂ ಒಂದು ಹೇಳಿಬಿಡ್ತೀನಿ ಸರ್. ನಿನ್ನೆ ನನ್ನನ್ನೂ ಕೇಳಿದ್ಲು. ಒಂದೇ ಊಟಕ್ಕೆ ನಾನು ಎರಡು ಸಲ ದುಡ್ಡು ತಗೊಂಡಿದ್ದೀನಿ. ಗೊತ್ತಿಲ್ಲದೆ." ಒಂದು ಗಳಿಗೆ ಬಿಟ್ಟು ಮೇಸ್ತ್ರಿಯ ಕಡೆ ತಿರುಗಿದರು. "ಇವರ ಹೆಸರಿನ ಮೇಲಿದ್ದ ಮಾತು ನನ್ನ ಹೆಸರಿನ ಮೇಲೆ ಬಿದ್ದಿದ್ರೆ ಹೇಗಿರ್ತಿತ್ತು ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮೇಸ್ತ್ರಿಗಳೇ, ಮನಸ್ಸಿಗೆ ಹಚ್ಕೋಬೇಡಿ."

ಊಟ ಚೆನ್ನಾಗಿತ್ತಾ ಸ್ವಾಮಿ ಎಂದು ಮೇಸ್ತ್ರಿ ಕೇಳಿದರು. ಯಜಮಾನರು ಮೊದಲು ನಕ್ಕರು, ಆಮೇಲೆ ಎಲ್ಲರೂ. ನಗು ಇಳಿದ ಮೇಲೆ ಯಜಮಾನರು ಆ ಬಿಳಿ ಹಾಳೆಯನ್ನೂ ಹಳದಿ ಹಾಳೆಯನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿದರು. ಅಕ್ಷರ ಅಕ್ಷರದ ಮೇಲೆ ಕೂತಿತು, ಮೊಹರು ಮಾತ್ರ ಎರಡಾಗಿ ಕಂಡಿತು. ಅದನ್ನು ಕೆಳಗಿಟ್ಟು ಹೇಳಿದರು:

"ತಪ್ಪು ಹಿಡಿಯೋ ಯಂತ್ರ ಹೊರಗಡೆಯೂ ಸಿಗುತ್ತೆ. ತನ್ನ ಯಂತ್ರದ ತಪ್ಪು ತಾನೇ ಹಿಡಿಯೋರು ಎಲ್ಲಿ ಸಿಗ್ತಾರೆ? ಕುರ್ಚಿ ನಿನ್ನದೇ ಕಣಮ್ಮ."

ಮಗ ಇದ್ದಿದ್ದರೆ ಎಂದು ಕತ್ತರಿಯಮ್ಮನ ಮನಸ್ಸು ಎಂದಿನಂತೆ ಹೊರಟಿತು. ಆದರೆ ಆ ದಾರಿಯಲ್ಲಿ ಪೂರ್ತಿ ಹೋಗಲಿಲ್ಲ, ಅರ್ಧಕ್ಕೇ ತಿರುಗಿ ಪರದೆಯ ಪಕ್ಕ ನಿಂತಿದ್ದ ಹುಡುಗಿಯ ಹತ್ತಿರ ಬಂದು ನಿಂತಿತು. ಮಗ ಕೊಟ್ಟ ಮಾತನ್ನು ಇವಳು ಉಳಿಸಿದ್ದಳು. ಅಷ್ಟೇ ಆಗಿದ್ದರೆ ಅವನ ಹೆಸರಿನಿಂದ ಹೆಮ್ಮೆ ಪಡಬಹುದಿತ್ತು. ಈ ಹೆಮ್ಮೆ ಅವಳದ್ದೇ ಹೆಸರಿನದು. ದೇವರೇ, ಒಂದನ್ನು ಕಿತ್ತುಕೊಂಡೆ, ಇನ್ನೊಂದನ್ನು ನನ್ನ ಮನೆಯಲ್ಲೇ ಇಟ್ಟಿದ್ದೆ, ನನಗೆ ಕಣ್ಣಿರಲಿಲ್ಲ ಎಂದುಕೊಂಡರು.

ಲೆಕ್ಕದ ಕೋಣೆಗೆ ಹಿಂತಿರುಗಿದ ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಬಂದರು. ಅಂಗಡಿಯವನು ಕಳಿಸಿದ ಹೊಸ ಬಿಲ್ಲಿನ ಫೋಟೋವನ್ನು ಅಲ್ಲೇ ನಿಂತು ಕಳಿಸಿದರು. ಸೊಸೆಯ ಪರದೆಯಲ್ಲಿ ಅದು ಯಾವ ಅನುಮಾನವೂ ಇಲ್ಲದೆ ಹಾದುಹೋಯಿತು. ಆದರೂ ಅವರು ಕದಲಲಿಲ್ಲ. ಕಾಗದವನ್ನು ಕತ್ತರಿಯಮ್ಮನ ಮುಂದೆ ಚಾಚಿದರು.

"ಅಕ್ಕ, ಇದರ ಮೂಲೆ ಕತ್ತರಿಸಿಕೊಡಿ."

"ಈಗ ಅದು ಬೇಕಿಲ್ಲವಲ್ಲಪ್ಪ."

"ನನಗೆ ಬೇಕು."

ಆಕೆ ಡ್ರಾಯರಿನ ಆಳದಿಂದ ಕತ್ತರಿ ತೆಗೆದರು. ಬಹಳ ದಿನ ಮುಟ್ಟದೇ ಇದ್ದುದರಿಂದ ಅದು ಬಾಯಿ ಬಿಡಲಿಲ್ಲ. ಮೇಸ್ತ್ರಿ ಅದನ್ನು ಈಸಿಕೊಂಡು, ಚೀಲದಿಂದ ಎಣ್ಣೆಯ ಸಣ್ಣ ಡಬ್ಬಿ ತೆಗೆದು, ಕೀಲಿಗೆ ಒಂದು ತೊಟ್ಟು ಬಿಟ್ಟು, ನಾಲ್ಕಾರು ಸಲ ಆಡಿಸಿ, ಬಟ್ಟೆಯಿಂದ ಒರೆಸಿ ವಾಪಸು ಕೊಟ್ಟರು. ಕತ್ತರಿಯಮ್ಮ ಬಿಲ್ಲನ್ನು ಓದಿದರು. ಈ ಸಲ ನಂಬರನ್ನು ಗಟ್ಟಿಯಾಗಿ ಓದಿ ಮೇಸ್ತ್ರಿಗೂ ತೋರಿಸಿದರು. ಆಮೇಲೆ ಬಲಗಡೆಯ ಮೇಲಿನ ಮೂಲೆಯನ್ನು ಕಚಕ್ಕನೆ ಕತ್ತರಿಸಿದರು.

ಆ ಸದ್ದಿಗೆ ಸೊಸೆ ಪರದೆಯಿಂದ ಮುಖ ಎತ್ತದೆಯೇ ಕೇಳಿದಳು:

"ಪಾಸಾಯ್ತಾ ಅತ್ತೆ?"

"ಆಯ್ತಮ್ಮ," ಎಂದರು ಆಕೆ. "ನಿನ್ನ ಕಡೆ ಆಗಿತ್ತು, ಈಗ ನನ್ನ ಕಡೆಯೂ ಆಯ್ತು."